‘ಅಡ್ವೈಸಸ್’, ‘ಫರ್ನಿಚರ್ಸ್’, ‘ಇನ್‌ಫರ್ಮೇಶನ್ಸ್’: ಪರೀಕ್ಷೆಯ ವಾಕ್ಯದಲ್ಲಿ ತಪ್ಪು ಹಿಡಿಯುವ ಕ್ರಮ

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುವವರ ಅಭ್ಯಾಸದ ಹಾಳೆ ತಿದ್ದುವಾಗ ನನಗೆ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ. ‘ಇನ್‌ಫರ್ಮೇಶನ್’ ಪದಕ್ಕೆ ಕೊನೆಯಲ್ಲಿ ‘ಎಸ್’ ಸೇರುವುದಿಲ್ಲ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಅದೇ ಪದ ವಾಕ್ಯದೊಳಗೆ ಬಂದಾಗ ಉತ್ತರ ತಪ್ಪಾಗುತ್ತದೆ. ಇಂಥ ಎಣಿಸಲಾಗದ ನಾಮಪದಗಳ ಪಟ್ಟಿಯನ್ನು ಎಲ್ಲರೂ ಓದಿರುತ್ತಾರೆ. ವಾಕ್ಯವನ್ನು ಯಾವ ಪದದಿಂದ ನೋಡಲು ಶುರು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡಿರುವುದಿಲ್ಲ.

ಈ ಬರಹ ಆ ಕ್ರಮದ ಬಗ್ಗೆ. ಹೆಚ್ಚು ಗಮನ ‘ತಪ್ಪಿರುವ ಭಾಗ ಗುರುತಿಸಿ’ ಅನ್ನುವ ಪ್ರಶ್ನೆಗಳ ಮೇಲಿದೆ, ಯಾಕೆಂದರೆ ಜಾಸ್ತಿ ಎಡವುವುದು ಅಲ್ಲೇ.

## ಕೈಯಲ್ಲಿ ಏನಿರಬೇಕು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಹಳೇ ಪ್ರಶ್ನೆಪತ್ರಿಕೆಗಳಿಂದ ಆರಿಸಿದ ಇಪ್ಪತ್ತು ವಾಕ್ಯ. ಇಷ್ಟು ಸಾಕು. ಶುರುವಿನಲ್ಲಿ ಗಡಿಯಾರ ಬೇಡ. ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡ್ ಸಿಗುತ್ತದೆ ನಿಜ. ಆದರೆ ಕ್ರಮ ಕೈಗೆ ಹತ್ತುವ ಮೊದಲೇ ವೇಗಕ್ಕೆ ಹೋದರೆ ಊಹೆಯೇ ಅಭ್ಯಾಸವಾಗಿಬಿಡುತ್ತದೆ. ಅಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ.

## ಹಂತ 1: ಕನ್ನಡದ ಕಿವಿಯನ್ನು ಪಕ್ಕಕ್ಕಿಡಿ

‘ಅವರು ನನಗೆ ಎರಡು ಸಲಹೆ ಕೊಟ್ಟರು’ ಅಂದರೆ ನಮಗೆ ಏನೂ ತಪ್ಪು ಕೇಳಿಸುವುದಿಲ್ಲ. ‘ಮಾಹಿತಿಗಳು’, ‘ಪೀಠೋಪಕರಣಗಳು’, ‘ಸುದ್ದಿಗಳು’ ಕೂಡ ಹಾಗೇ. ಕನ್ನಡದಲ್ಲಿ ಸಲಹೆಯನ್ನು ಎಣಿಸಬಹುದು. ಇಂಗ್ಲಿಷ್‌ನಲ್ಲಿ ‘ಅಡ್ವೈಸ್’ ಪದವನ್ನು ಎಣಿಸಲು ಆಗುವುದಿಲ್ಲ. ವಸ್ತು ಒಂದೇ ಇದ್ದರೂ ಎರಡು ಭಾಷೆಯ ಲೆಕ್ಕ ಬೇರೆ.

ಇನ್ನೊಂದು ತೊಡಕು ನಮ್ಮ ‘ಎಷ್ಟು’ ಪದದಲ್ಲಿದೆ. ಎಷ್ಟು ನೀರು, ಎಷ್ಟು ಪುಸ್ತಕ, ಎಷ್ಟು ಹಣ, ಎಷ್ಟು ರೂಪಾಯಿ, ಎಲ್ಲದಕ್ಕೂ ಒಂದೇ ಪದ. ‘ಸ್ವಲ್ಪ’, ‘ತುಂಬಾ’, ‘ಕಡಿಮೆ’ ಕೂಡ ಎರಡೂ ಕಡೆ ಓಡಾಡುತ್ತವೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಹಣಕ್ಕೆ ‘ಹೌ ಮಚ್ ಮನಿ’, ರೂಪಾಯಿಗೆ ‘ಹೌ ಮೆನಿ ರುಪೀಸ್’.

ಹಾಗಾಗಿ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ‘ಸರಿ ಕೇಳಿಸುತ್ತಾ?’ ಅಂತ ನೋಡಬೇಡಿ. ಅರ್ಥ ತಿಳಿಯಲು ಅದು ಸಾಕು, ಈ ತಪ್ಪು ಹಿಡಿಯಲು ಸಾಲದು. ‘ಇದರಲ್ಲಿ ಏನೂ ತಪ್ಪಿಲ್ಲವಲ್ಲ’ ಅಂತ ಪದೇ ಪದೇ ಅನಿಸುತ್ತಿದ್ದರೆ ನೀವು ಇನ್ನೂ ಕನ್ನಡದ ಕಿವಿಯಿಂದಲೇ ಕೇಳುತ್ತಿದ್ದೀರಿ ಅಂತ ತಿಳಿಯಿರಿ.

## ಹಂತ 2: ಮೊದಲು ಮುಖ್ಯ ನಾಮಪದಕ್ಕೆ ಗೆರೆ ಎಳೆಯಿರಿ

ಹೆಚ್ಚಿನವರು ‘ಮೆನಿ’, ‘ಮಚ್’, ‘ಲೆಸ್’ ಪದಗಳನ್ನು ಮೊದಲು ಹುಡುಕುತ್ತಾರೆ. ಅದು ತಿರುಗುಮುರುಗಾದ ಕ್ರಮ. ಆ ಪದ ಸರಿಯೋ ತಪ್ಪೋ ಅನ್ನುವುದನ್ನು ಹೇಳುವುದು ಮುಂದಿನ ನಾಮಪದ. ಅದಕ್ಕೇ ಮೊದಲು ನಾಮಪದ.

ಇಲ್ಲಿ ಒಂದು ಬಲೆ ಇದೆ. ಈ ವಾಕ್ಯ ನೋಡಿ: ‘ದೇರ್ ಆರ್ ಮೆನಿ ಫರ್ನಿಚರ್ ಶಾಪ್ಸ್ ಇನ್ ದಿಸ್ ಸ್ಟ್ರೀಟ್.’ ‘ಮೆನಿ’ ಪಕ್ಕದಲ್ಲೇ ‘ಫರ್ನಿಚರ್’ ಕಂಡ ಕೂಡಲೇ ಕೈ ಅಲ್ಲಿಗೆ ಹೋಗುತ್ತದೆ. ಆದರೆ ವಾಕ್ಯ ಸರಿಯಾಗಿದೆ. ಇಲ್ಲಿ ಎಣಿಸುತ್ತಿರುವುದು ಅಂಗಡಿಗಳನ್ನು. ‘ಫರ್ನಿಚರ್’ ಎಂಥ ಅಂಗಡಿ ಅಂತ ಹೇಳುತ್ತಿದೆ, ಅಷ್ಟೆ. ‘ಆ್ಯನ್ ಇನ್‌ಫರ್ಮೇಶನ್ ಸೆಂಟರ್’ ಕೂಡ ಸರಿ. ಅಲ್ಲಿನ ‘ಆ್ಯನ್’ ಪದದ ಸಂಬಂಧ ‘ಸೆಂಟರ್’ ಜೊತೆಗೆ.

ಗುರುತಿಸುವುದು ಸುಲಭ. ಎರಡು ನಾಮಪದ ಒಂದರ ಹಿಂದೆ ಒಂದು ಬಂದರೆ, ಕೊನೆಯದಕ್ಕೆ ಗೆರೆ ಎಳೆಯಿರಿ. ಲೆಕ್ಕ ಅದರದ್ದು.

## ಹಂತ 3: ನಾಮಪದ ಯಾವ ಕಡೆಯದು ಅಂತ ತೀರ್ಮಾನಿಸಿ

ಎಣಿಸಲಾಗದ ಪದಗಳನ್ನು ಅಕಾರಾದಿಯಾಗಿ ಉರುಹೊಡೆದರೆ ಪರೀಕ್ಷೆಯಲ್ಲಿ ಅವು ನೆನಪಿಗೆ ಬರುವುದಿಲ್ಲ. ನಾನು ಜೋಡಿ ಮಾಡಿ ಬರೆಯಲು ಹೇಳುತ್ತೇನೆ. ನೋಟ್‌ಬುಕ್‌ನ ಎಡಗಡೆ ಇಡೀ ರಾಶಿಯ ಹೆಸರು, ಬಲಗಡೆ ಆ ರಾಶಿಯೊಳಗಿನ ಒಂದು ವಸ್ತುವಿನ ಹೆಸರು.

- ಫರ್ನಿಚರ್: ಚೇರ್
- ಲಗೇಜ್: ಬ್ಯಾಗ್
- ಮಷಿನರಿ: ಮಷಿನ್
- ಜ್ಯುವೆಲರಿ: ಜ್ಯುವೆಲ್
- ಪೊಯೆಟ್ರಿ: ಪೊಯೆಮ್
- ಅಡ್ವೈಸ್: ಸಜೆಷನ್
- ವರ್ಕ್: ಜಾಬ್
- ಮನಿ: ರುಪೀ

ಎಡಗಡೆಯ ಪದಕ್ಕೆ ‘ಎಸ್’ ಇಲ್ಲ, ಹಿಂದೆ ‘ಎ’ ಅಥವಾ ‘ಆ್ಯನ್’ ಇಲ್ಲ, ಸಂಖ್ಯೆ ಇಲ್ಲ. ಬಲಗಡೆಯ ಪದಕ್ಕೆ ಮೂರೂ ಬರುತ್ತವೆ. ‘ಮೆನಿ ಅಡ್ವೈಸಸ್’ ತಪ್ಪು, ‘ಮೆನಿ ಸಜೆಷನ್ಸ್’ ಸರಿ. ಇವೆರಡರ ಅರ್ಥ ನಮಗೆ ಹೆಚ್ಚುಕಡಿಮೆ ಒಂದೇ. ಅರ್ಥ ನೋಡಿ ಎಣಿಕೆ ತೀರ್ಮಾನಿಸಲು ಆಗದು ಅನ್ನುವುದಕ್ಕೆ ಈ ಜೋಡಿಯೇ ಸಾಕ್ಷಿ.

ಮಷಿನರಿ, ಜ್ಯುವೆಲರಿ, ಪೊಯೆಟ್ರಿ, ಸೀನರಿ, ಸ್ಟೇಷನರಿ. ಎಲ್ಲದರ ಕೊನೆಯಲ್ಲೂ ‘ರಿ’ ಇದೆ, ಗಮನಿಸಿದಿರಾ? ‘ಇಂಥ ರಾಶಿ’ ಅನ್ನುವ ಅರ್ಥ ಆ ಬಾಲದಲ್ಲಿದೆ. ಆದರೆ ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ. ‘ಫ್ಯಾಕ್ಟರಿ’, ‘ಬ್ಯಾಟರಿ’, ‘ಗ್ಯಾಲರಿ’ ಪದಗಳಲ್ಲೂ ‘ರಿ’ ಇದೆ, ಅವನ್ನು ಧಾರಾಳವಾಗಿ ಎಣಿಸಬಹುದು. ಆ ಪದ ಒಂದು ರಾಶಿಯನ್ನು ಹೇಳುತ್ತಿದೆಯೇ ಅಥವಾ ಒಂದು ವಸ್ತುವನ್ನೇ ಎಂದು ಕೇಳಿಕೊಳ್ಳಿ.

ಜೋಡಿ ಸಿಗದ ಕೆಲವನ್ನು ಸುಮ್ನೆ ನೆನಪಿಡಬೇಕು: ಇನ್‌ಫರ್ಮೇಶನ್, ನ್ಯೂಸ್, ನಾಲೆಡ್ಜ್, ಎವಿಡೆನ್ಸ್, ಪ್ರೋಗ್ರೆಸ್, ಹೋಮ್‌ವರ್ಕ್, ಟ್ರಾಫಿಕ್, ಇಕ್ವಿಪ್‌ಮೆಂಟ್. ಇವುಗಳಲ್ಲಿ ‘ನ್ಯೂಸ್’ ಪದದ ಬಗ್ಗೆ ಎಚ್ಚರ. ಕೊನೆಯ ‘ಎಸ್’ ನೋಡಿ ಬಹುವಚನ ಅಂದುಕೊಳ್ಳುತ್ತೇವೆ. ಆ ‘ಎಸ್’ ಪದದ ಭಾಗವೇ. ‘ದಿ ನ್ಯೂಸ್ ಈಸ್ ಟ್ರೂ’ ಅನ್ನಬೇಕು, ‘ಆರ್’ ಬರುವುದಿಲ್ಲ.

‘ಅಡ್ವೈಸ್’ ಬಗ್ಗೆ ಒಂದು ಮಾತು. ‘ಶಿ ಅಡ್ವೈಝಸ್ ಮಿ’ ಅಂತ ಬಂದರೆ ತಪ್ಪಲ್ಲ. ಅದು ಕ್ರಿಯಾಪದ, ‘ಎಸ್’ ಅಕ್ಷರದಿಂದ ಬರೆಯುತ್ತಾರೆ, ಝಕಾರದಂತೆ ಉಚ್ಚರಿಸುತ್ತಾರೆ. ನಾಮಪದಕ್ಕೆ ‘ಸಿ’ ಅಕ್ಷರ. ಪರೀಕ್ಷೆಯ ಗಡಿಬಿಡಿಯಲ್ಲಿ ಈ ಒಂದು ಅಕ್ಷರ ನೋಡದೆ ಸರಿಯಾದ ಭಾಗಕ್ಕೇ ಗುರುತು ಹಾಕಿದವರನ್ನು ನಾನು ಬಹಳ ಕಂಡಿದ್ದೇನೆ. ಬ್ಯಾಂಕ್ ಕೆಲಸ ಬಲ್ಲವರಿಗೆ ಇನ್ನೊಂದು ಗೊಂದಲ ಇರುತ್ತದೆ. ಹಣ ಬಂದದ್ದನ್ನೋ ಹೋದದ್ದನ್ನೋ ತಿಳಿಸುವ ಪತ್ರಕ್ಕೆ ಅಲ್ಲಿ ‘ಅಡ್ವೈಸ್’ ಅನ್ನುತ್ತಾರೆ, ಅದನ್ನು ಎಣಿಸುವುದೂ ಉಂಟು. ಅದು ಬ್ಯಾಂಕಿನೊಳಗಿನ ಬಳಕೆ. ವ್ಯಾಕರಣದ ಪ್ರಶ್ನೆಯಲ್ಲಿ ಅಡ್ವೈಸ್ ಅಂದರೆ ಸಲಹೆ ಅಂತಲೇ ಇಟ್ಟುಕೊಳ್ಳಿ.

## ಹಂತ 4: ಈಗ ಪ್ರಮಾಣದ ಪದ ಹೊಂದುತ್ತದೆಯೇ ನೋಡಿ

ನಾಮಪದದ ಕಡೆ ತೀರ್ಮಾನವಾದ ಮೇಲೆ ಈ ಕೆಲಸ ಹಗುರ. ಎಣಿಸಬಹುದಾದದ್ದಕ್ಕೆ ಮೆನಿ, ಫ್ಯೂ, ಎ ಫ್ಯೂ, ಫ್ಯೂಯರ್, ಸೆವೆರಲ್, ಎ ನಂಬರ್ ಆಫ್. ಎಣಿಸಲಾಗದ್ದಕ್ಕೆ ಮಚ್, ಲಿಟಲ್, ಎ ಲಿಟಲ್, ಲೆಸ್, ಎ ಗ್ರೇಟ್ ಡೀಲ್ ಆಫ್, ಆ್ಯನ್ ಅಮೌಂಟ್ ಆಫ್. ಸಮ್, ಎನಿ, ಮೋರ್, ಮೋಸ್ಟ್, ಇನಫ್, ಪ್ಲೆಂಟಿ ಆಫ್, ಎ ಲಾಟ್ ಆಫ್ ಎರಡೂ ಕಡೆ ನಡೆಯುತ್ತವೆ. ಹಾಗಾಗಿ ಇವು ಬಂದ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ತಪ್ಪು ಇದ್ದರೆ ಬೇರೆ ಕಡೆ ಇರುತ್ತದೆ.

ನಿಜವಾಗಿ ನಿಂತು ಯೋಚಿಸಬೇಕಾದದ್ದು ಫ್ಯೂ ಮತ್ತು ಲಿಟಲ್ ಜೋಡಿಯಲ್ಲಿ. ಇಲ್ಲಿ ಎರಡು ತೀರ್ಮಾನ ಬೇಕು, ಅದೂ ಒಂದಾದ ಮೇಲೆ ಒಂದು. ಮೊದಲನೆಯದು ಎಣಿಕೆಯದ್ದು: ಫ್ಯೂ ಬೇಕೋ ಲಿಟಲ್ ಬೇಕೋ. ಎರಡನೆಯದು ಭಾವದ್ದು: ಹಿಂದೆ ‘ಎ’ ಬೇಕೋ ಬೇಡವೋ. ‘ಎ’ ಇಲ್ಲದಿದ್ದರೆ ‘ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ’. ‘ಎ’ ಇದ್ದರೆ ‘ಸ್ವಲ್ಪವಾದರೂ ಇದೆ’.

ಈ ಬಿಟ್ಟ ಸ್ಥಳ ನೋಡಿ: ‘ದೇರ್ ಈಸ್ ____ ಲಗೇಜ್ ಇನ್ ದಿ ವ್ಯಾನ್, ಸೋ ವಿ ಕ್ಯಾನ್ ಈಸಿಲಿ ಲೋಡ್ ಮೋರ್.’ ಆಯ್ಕೆಗಳು ಫ್ಯೂ, ಎ ಫ್ಯೂ, ಲಿಟಲ್, ಎ ಲಿಟಲ್. ಲಗೇಜ್ ಎಡಗಡೆಯ ಪದ, ಹಾಗಾಗಿ ಫ್ಯೂ ಇರುವ ಎರಡೂ ಆಯ್ಕೆ ಹೋದವು. ಈಗ ಭಾವ. ಇನ್ನೂ ಸುಲಭವಾಗಿ ತುಂಬಬಹುದು ಅಂದರೆ ವ್ಯಾನ್ ಹೆಚ್ಚುಕಡಿಮೆ ಖಾಲಿ ಅಂತ ಒತ್ತಿ ಹೇಳುತ್ತಿದ್ದಾರೆ. ಉತ್ತರ ‘ಲಿಟಲ್’. ಅದೇ ವಾಕ್ಯ ‘ಸ್ವಲ್ಪ ಲಗೇಜ್ ಉಳಿದಿದೆ, ಇಳಿಸಲು ಸಹಾಯ ಮಾಡಿ’ ಅನ್ನುವಂತಿದ್ದರೆ ‘ಎ ಲಿಟಲ್’ ಆಗುತ್ತಿತ್ತು. ಎರಡನೇ ತೀರ್ಮಾನಕ್ಕೆ ವಾಕ್ಯದ ಉಳಿದ ಅರ್ಧ ಓದಲೇಬೇಕು. ಬಿಟ್ಟ ಸ್ಥಳದ ಹತ್ತಿರದ ಎರಡು ಪದ ಓದಿ ಉತ್ತರ ಕೊಡುವವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ಇದಕ್ಕೆ ಮೂರನೇ ರೂಪವೂ ಇದೆ. ‘ಹಿ ಲಾಸ್ಟ್ ಲಿಟಲ್ ಮನಿ ಹಿ ಹ್ಯಾಡ್’ ಅಂತ ಬಂದರೆ ಅದು ತಪ್ಪು, ‘ದಿ ಲಿಟಲ್ ಮನಿ ಹಿ ಹ್ಯಾಡ್’ ಆಗಬೇಕು. ‘ಇದ್ದಬದ್ದ ಅಷ್ಟೂ ಹಣ’ ಅನ್ನುವ ಅರ್ಥ ಬಂದಾಗ ‘ದಿ’ ಬೇಕು. ನಾಮಪದ ಆದ ಕೂಡಲೇ ‘ಹಿ ಹ್ಯಾಡ್’, ‘ಐ ಹ್ಯಾವ್’ ಥರದ ತುಣುಕು ಅಂಟಿಕೊಂಡಿದ್ದರೆ ಅದೇ ಸುಳಿವು.

ಲೆಸ್ ಮತ್ತು ಫ್ಯೂಯರ್ ಬಗ್ಗೆಯೂ ಒಂದು ಮಿತಿ ತಿಳಿದಿರಲಿ. ‘ಲೆಸ್ ಸ್ಟೂಡೆಂಟ್ಸ್’ ಅಂತ ಪರೀಕ್ಷೆಯಲ್ಲಿ ಬಂದರೆ ತಪ್ಪು ಅಂತ ಹಿಡಿಯಿರಿ, ‘ಫ್ಯೂಯರ್ ಸ್ಟೂಡೆಂಟ್ಸ್’ ಆಗಬೇಕು. ಆದರೆ ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಸರಿ. ಕಿಲೋಮೀಟರ್ ಬಹುವಚನದಲ್ಲಿದ್ದರೂ ಅಲ್ಲಿ ಹೇಳುತ್ತಿರುವುದು ಒಂದು ದೂರವನ್ನು. ಹಣದ ಮೊತ್ತ, ಸಮಯ, ತೂಕಕ್ಕೂ ಹೀಗೇ.

## ಹಂತ 5: ‘ಪೀಸ್ ಆಫ್’ ಬಂದರೆ ‘ಎಸ್’ ಎಲ್ಲಿದೆ ನೋಡಿ

ಎಣಿಸಲಾಗದ್ದನ್ನು ಎಣಿಸಲೇಬೇಕಾದಾಗ ಇಂಗ್ಲಿಷ್ ಒಂದು ಅಳತೆಯ ಪದ ತರುತ್ತದೆ. ನಾವು ಸಕ್ಕರೆಯನ್ನು ಎರಡು ಚಮಚ, ಅಕ್ಕಿಯನ್ನು ಎರಡು ಸೇರು ಅನ್ನುವ ಹಾಗೆ. ‘ಎ ಪೀಸ್ ಆಫ್ ಅಡ್ವೈಸ್’, ‘ಟೂ ಪೀಸಸ್ ಆಫ್ ಫರ್ನಿಚರ್’, ‘ಆ್ಯನ್ ಐಟಮ್ ಆಫ್ ನ್ಯೂಸ್’.

‘ಎಸ್’ ಅಳತೆಯ ಪದಕ್ಕೆ ಮಾತ್ರ. ಎಣಿಸಲಾಗದ ಪದಕ್ಕೆ ಎಂದಿಗೂ ಇಲ್ಲ. ‘ಟೂ ಪೀಸ್ ಆಫ್ ಫರ್ನಿಚರ್ಸ್’ ಅಂತ ಬಂದರೆ ಎರಡೂ ಕಡೆ ತಪ್ಪು. ಪ್ರಶ್ನೆ ತಯಾರಿಸುವವರು ಸಾಮಾನ್ಯವಾಗಿ ಒಂದನ್ನು ಸರಿ ಇಟ್ಟು ಇನ್ನೊಂದನ್ನು ಕೆಡಿಸುತ್ತಾರೆ: ‘ಟೂ ಪೀಸಸ್ ಆಫ್ ಫರ್ನಿಚರ್ಸ್’. ‘ಪೀಸಸ್’ ಸರಿಯಾಗಿರುವುದರಿಂದ ಕಣ್ಣು ಸಮಾಧಾನಗೊಂಡು ಮುಂದೆ ಹೋಗಿಬಿಡುತ್ತದೆ. ‘ಆಫ್’ ಕಂಡಾಗ ಅದರ ಎರಡೂ ಬದಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

## ಹಂತ 6: ಕ್ರಿಯಾಪದ, ಸರ್ವನಾಮದ ತನಕ ಹೋಗಿ

ಚೆನ್ನಾಗಿ ಓದಿದವರೂ ಬೀಳುವುದು ಇಲ್ಲಿ. ನಾಮಪದ ಸರಿ, ಪ್ರಮಾಣದ ಪದ ಸರಿ, ಅಂದಮೇಲೆ ‘ತಪ್ಪಿಲ್ಲ’ ಅಂತ ಗುರುತು ಹಾಕುತ್ತಾರೆ. ಆದರೆ ಎಣಿಕೆಯ ಪರಿಣಾಮ ವಾಕ್ಯದ ಕೊನೆಯ ತನಕ ಹರಿಯುತ್ತದೆ. ಎಣಿಸಲಾಗದ ಪದಕ್ಕೆ ಏಕವಚನದ ಕ್ರಿಯಾಪದ ಬೇಕು, ಮುಂದೆ ಅದನ್ನು ಸೂಚಿಸುವಾಗ ‘ಇಟ್’ ಬೇಕು, ‘ದೆಮ್’ ಅಲ್ಲ. ಹತ್ತು ಕುರ್ಚಿ, ನಾಲ್ಕು ಮೇಜು ಇದ್ದರೂ ‘ದಿ ಫರ್ನಿಚರ್ ವಾಸ್ ಓಲ್ಡ್, ಸೋ ವಿ ಸೋಲ್ಡ್ ಇಟ್.’

‘ಪೀಸಸ್ ಆಫ್’ ಬಂದಾಗ ಮಾತ್ರ ಲೆಕ್ಕ ತಿರುಗುತ್ತದೆ. ‘ಟೂ ಪೀಸಸ್ ಆಫ್ ಫರ್ನಿಚರ್ ವರ್ ಬ್ರೋಕನ್’ ಸರಿ, ಯಾಕೆಂದರೆ ಅಲ್ಲಿ ಕ್ರಿಯಾಪದ ‘ಪೀಸಸ್’ ಮಾತು ಕೇಳುತ್ತದೆ.

## ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ

‘ದಿ ಕ್ಲರ್ಕ್ ಗೇವ್ ಅಸ್ (ಎ) / ಎ ಗ್ರೇಟ್ ಡೀಲ್ ಆಫ್ ಇನ್‌ಫರ್ಮೇಶನ್, (ಬಿ) / ಬಟ್ ಮೋಸ್ಟ್ ಆಫ್ ಇಟ್ (ಸಿ) / ವರ್ ಔಟ್ ಆಫ್ ಡೇಟ್. (ಡಿ)’

ಈ ವಾಕ್ಯವನ್ನು ನಾನೇ ಮಾಡಿ ಕೊಟ್ಟಾಗ ಒಬ್ಬ ಹುಡುಗಿ ‘ಬಿ’ ಅಂತ ಗುರುತು ಹಾಕಿದಳು. ಯಾಕೆ ಅಂತ ಕೇಳಿದೆ. ‘ಇನ್‌ಫರ್ಮೇಶನ್ ಅಂತ ಬಂದರೆ ತಪ್ಪು ಅಲ್ಲೇ ಇರುತ್ತಲ್ವಾ ಸರ್?’ ಅಂದಳು. ಪಟ್ಟಿ ಮಾತ್ರ ಓದಿದರೆ ಹೀಗಾಗುತ್ತದೆ. ಪರಿಚಿತ ಪದವೇ ಅಪರಾಧಿಯಂತೆ ಕಾಣುತ್ತದೆ.

ಕ್ರಮವಾಗಿ ಹೋಗೋಣ. ಮುಖ್ಯ ನಾಮಪದ ‘ಇನ್‌ಫರ್ಮೇಶನ್’, ಅದರ ಮುಂದೆ ಬೇರೆ ನಾಮಪದ ಇಲ್ಲ. ಎಣಿಸಲಾಗದ್ದು, ‘ಎಸ್’ ಇಲ್ಲ, ಸರಿ. ‘ಎ ಗ್ರೇಟ್ ಡೀಲ್ ಆಫ್’ ಎಣಿಸಲಾಗದ್ದಕ್ಕೇ ಬರುವಂಥದ್ದು, ಸರಿ. ಶುರುವಿನ ‘ಎ’ ನೋಡಿ ಗಾಬರಿ ಬೇಡ, ಅದು ‘ಡೀಲ್’ ಪದದ್ದು. ‘ಮೋಸ್ಟ್’ ಎರಡೂ ಕಡೆ ನಡೆಯುತ್ತದೆ. ‘ಇಟ್’ ಏಕವಚನ, ಸರಿ. ಕೊನೆಗೆ ಕ್ರಿಯಾಪದ ‘ವರ್’. ‘ಮೋಸ್ಟ್ ಆಫ್ ಇಟ್’ ಅಂದರೆ ಏಕವಚನ, ಹಾಗಾಗಿ ‘ವಾಸ್’ ಬೇಕಿತ್ತು. ಉತ್ತರ ‘ಡಿ’.

ಇಲ್ಲಿ ‘ಮೋಸ್ಟ್’ ಅಂದರೆ ಬಹಳ, ಬಹಳ ಅಂದರೆ ಬಹುವಚನ ಅನ್ನುವ ಭ್ರಮೆ ಕೆಲಸ ಮಾಡುತ್ತದೆ. ‘ಮೋಸ್ಟ್ ಆಫ್’, ‘ಸಮ್ ಆಫ್’, ‘ಆಲ್ ಆಫ್’ ಬಂದಾಗ ಕ್ರಿಯಾಪದ ಯಾವುದು ಅಂತ ಹೇಳುವುದು ‘ಆಫ್’ ಆದ ಮೇಲಿನ ಪದ. ‘ಮೋಸ್ಟ್ ಆಫ್ ದಿ ಲಗೇಜ್ ವಾಸ್’, ‘ಮೋಸ್ಟ್ ಆಫ್ ದಿ ಬ್ಯಾಗ್ಸ್ ವರ್’.

## ಎಚ್ಚರಿಕೆ: ಎರಡು ಮುಖದ ಪದಗಳು

ಕೆಲವು ಪದ ಅರ್ಥ ಬದಲಾದಂತೆ ಕಡೆ ಬದಲಿಸುತ್ತವೆ. ತಲೆಗೂದಲು ಇಡಿಯಾಗಿ ‘ಹೇರ್’, ‘ಹರ್ ಹೇರ್ ಈಸ್ ಬ್ಲ್ಯಾಕ್’. ಆದರೆ ಎರಡು ಬಿಳಿ ಕೂದಲು ಎಳೆಯಾಗಿ ಕಂಡರೆ ‘ಟೂ ಗ್ರೇ ಹೇರ್ಸ್’ ತಪ್ಪಲ್ಲ. ಬರೆಯುವ ಹಾಳೆ ‘ಪೇಪರ್’ ಎಣಿಸಲಾಗದ್ದು, ದಾಖಲೆ ಪತ್ರಗಳು ‘ಪೇಪರ್ಸ್’. ಮಾಡುವ ಕೆಲಸ ‘ವರ್ಕ್’, ಕವಿಯ ಕೃತಿಗಳು ‘ವರ್ಕ್ಸ್’. ಒಟ್ಟಾರೆ ಅನುಭವ ‘ಎಕ್ಸ್‌ಪೀರಿಯೆನ್ಸ್’, ಪ್ರವಾಸದಲ್ಲಿ ಆದ ಬೇರೆ ಬೇರೆ ಅನುಭವಗಳು ‘ಎಕ್ಸ್‌ಪೀರಿಯೆನ್ಸಸ್’. ಈ ಪದಗಳಿಗೆ ‘ಎಸ್’ ಕಂಡ ಕೂಡಲೇ ತಪ್ಪು ಅನ್ನಬೇಡಿ. ವಾಕ್ಯದಲ್ಲಿ ಯಾವ ಅರ್ಥ ಇದೆ ನೋಡಿ.

‘ನಾಲೆಡ್ಜ್’ ಇನ್ನೊಂದು ರೀತಿ ಮೋಸ ಮಾಡುತ್ತದೆ. ಅದಕ್ಕೆ ‘ಎಸ್’ ಬರುವುದಿಲ್ಲ, ಆದರೆ ‘ಎ ಗುಡ್ ನಾಲೆಡ್ಜ್ ಆಫ್ ಕನ್ನಡ’ ಸರಿಯಾದ ಇಂಗ್ಲಿಷ್. ಇಂಥದ್ದರ ಜ್ಞಾನ ಅಂತ ಬಿಡಿಸಿ ಹೇಳಿದಾಗ ‘ಎ’ ಬರಬಹುದು. ಅಡ್ವೈಸ್, ಇನ್‌ಫರ್ಮೇಶನ್, ಫರ್ನಿಚರ್ ಪದಗಳಿಗೆ ಈ ಸಲಿಗೆ ಇಲ್ಲ.

## ಕೈ ಪಳಗಿಸಲು ಐದು ವಾಕ್ಯ

ಉತ್ತರ ನೋಡುವ ಮೊದಲು ಪ್ರತಿ ವಾಕ್ಯದಲ್ಲೂ ಮುಖ್ಯ ನಾಮಪದಕ್ಕೆ ಗೆರೆ ಎಳೆಯಿರಿ. ತಪ್ಪು ಇದೆಯೋ ಇಲ್ಲವೋ, ಇದ್ದರೆ ಏಕೆ ಅಂತ ಒಂದು ಸಾಲು ಬರೆಯಿರಿ. ಕಾರಣ ಬರೆಯಲು ಆಗದ ಸರಿ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

1. ‘ದೇ ಬಾಟ್ ಸೆವೆರಲ್ ಪೀಸಸ್ ಆಫ್ ಫರ್ನಿಚರ್ ಫ್ರಮ್ ಎ ಫರ್ನಿಚರ್ ಶಾಪ್.’
2. ‘ಎ ಲಾರ್ಜ್ ಅಮೌಂಟ್ ಆಫ್ ಸ್ಟೂಡೆಂಟ್ಸ್ ಕೇಮ್ ಲೇಟ್.’
3. ‘ಹಿಸ್ ಅಡ್ವೈಸ್ ವಾಸ್ ಗುಡ್, ಬಟ್ ನೋಬಡಿ ಫಾಲೋಡ್ ದೆಮ್.’
4. ‘ದಿ ನ್ಯೂ ಮಷಿನರಿ ಹ್ಯಾವ್ ಅರೈವ್ಡ್.’
5. ‘ಶಿ ಹ್ಯಾಸ್ ಎ ಫ್ಯೂ ಹೋಮ್‌ವರ್ಕ್ ಟು ಫಿನಿಶ್.’

ಮೊದಲನೆಯದರಲ್ಲಿ ತಪ್ಪಿಲ್ಲ. ‘ಸೆವೆರಲ್’ ಪದದ ನಂಟು ‘ಪೀಸಸ್’ ಜೊತೆ, ‘ಎ’ ನಂಟು ‘ಶಾಪ್’ ಜೊತೆ. ಎರಡನೆಯದರಲ್ಲಿ ವಿದ್ಯಾರ್ಥಿಗಳನ್ನು ಎಣಿಸಬಹುದು, ‘ಎ ಲಾರ್ಜ್ ನಂಬರ್ ಆಫ್’ ಆಗಬೇಕು. ಮೂರನೆಯದರಲ್ಲಿ ನಾಮಪದವೂ ಕ್ರಿಯಾಪದವೂ ಸರಿ, ‘ದೆಮ್’ ಹೋಗಿ ‘ಇಟ್’ ಬರಬೇಕು. ನಾಲ್ಕನೆಯದರಲ್ಲಿ ‘ಹ್ಯಾವ್’ ಬದಲು ‘ಹ್ಯಾಸ್’. ಐದನೆಯದಕ್ಕೆ ‘ಎ ಲಿಟಲ್ ಹೋಮ್‌ವರ್ಕ್’. ಬರೀ ‘ಲಿಟಲ್’ ಅಂತ ಬರೆದಿದ್ದರೆ ಎಣಿಕೆಯ ತೀರ್ಮಾನ ಸರಿ, ಭಾವದ್ದು ಸರಿಯಿಲ್ಲ: ಅವಳಿಗೆ ಮುಗಿಸಬೇಕಾದ ಕೆಲಸ ಇನ್ನೂ ಸ್ವಲ್ಪ ಇದೆ.